ನಾಲ್ಕಡಿ ಕಾಗದದ ಬಲೂನು ಕೊನೆಗೂ ಎದ್ದಿದ್ದು ಹೀಗೆ

ಬಿಸಿಗಾಳಿ ಬಲೂನು ಯಾಕೆ ಮೇಲೇರುತ್ತದೆ ಅಂತ ಹದಿನೈದು ವರ್ಷದಿಂದ ಎಂಟನೇ ಕ್ಲಾಸಿಗೆ ಪಾಠ ಮಾಡುತ್ತಿದ್ದೇನೆ. ಒಂದು ಸಲವೂ ಮಾಡಿ ತೋರಿಸಿರಲಿಲ್ಲ. ಹೋದ ವರ್ಷ ಹಟ ಹಿಡಿದು ಮಾಡಿದೆ. ಸ್ಟಾಫ್ ರೂಮಿನಲ್ಲಿ ಯಾರೂ ನಂಬಿರಲಿಲ್ಲ. ಈಗ ಅದೇ ಬಲೂನು ಲ್ಯಾಬಿನ ಸೂರಿನಲ್ಲಿ ನೇತಾಡುತ್ತಿದೆ. ಮಾಡಬೇಕು ಅಂತಿರುವ ಮೇಷ್ಟ್ರುಗಳಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲನೆಯದು ಎರಡಡಿಯದು. ಅಂಗಡಿಯಲ್ಲಿ ಸಿಕ್ಕ ಬಣ್ಣದ ಡ್ರಾಯಿಂಗ್ ಕಾಗದದಲ್ಲಿ ಮಾಡಿದ್ದೆ. ಇನ್ನೂರು ರೂಪಾಯಿ ಹೋಯಿತು. ಅದು ಅಲುಗಾಡಲೂ ಇಲ್ಲ. ಕಾಗದ ದಪ್ಪ ಆಯಿತು ಅಂತ ಗಾಳಿಪಟದ ಟಿಶ್ಯೂ ಕಾಗದ ತಂದು ಅದೇ ಅಳತೆಯಲ್ಲಿ ಇನ್ನೊಂದು ಮಾಡಿದೆ. ತೂಕ ಮೂವತ್ತು ಗ್ರಾಂಗೆ ಇಳಿಯಿತು. ಅದೂ ಏಳಲಿಲ್ಲ. ಆಮೇಲೆ ಕೂತು ಲೆಕ್ಕ ಹಾಕಿದೆ. ಎರಡಡಿ ಬಲೂನಿನೊಳಗೆ ಹಿಡಿಯುವುದೇ ನೂರ ಹತ್ತು ಲೀಟರ್ ಚಿಲ್ಲರೆ ಗಾಳಿ. ಅದನ್ನು ಎಪ್ಪತ್ತು ಡಿಗ್ರಿಗೆ ಬಿಸಿ ಮಾಡಿದರೂ ಇಪ್ಪತ್ತು ಗ್ರಾಂ ಎತ್ತುವುದೇ ಕಷ್ಟ. ಮೂವತ್ತು ಗ್ರಾಂ ಕಾಗದ ಎಲ್ಲಿಂದ ಎದ್ದೀತು? ಇದು ಮೊದಲೇ ಹಾಕಬೇಕಿದ್ದ ಲೆಕ್ಕ.

ಅಡ್ಡಳತೆ ಎರಡು ಪಟ್ಟು ಮಾಡಿದರೆ ಕಾಗದ ನಾಲ್ಕು ಪಟ್ಟು ಬೇಕು, ಒಳಗಿನ ಗಾಳಿ ಮಾತ್ರ ಎಂಟು ಪಟ್ಟಾಗುತ್ತದೆ. ಹಾಗಾಗಿ ನಾಲ್ಕಡಿಗೆ ಹೋದೆ. ಹನ್ನೆರಡು ಎಸಳು. ಒಂದೊಂದೂ ಉದ್ದ ಸುಮಾರು 188 ಸೆಂ.ಮೀ., ನಡು ಅಗಲ 32 ಸೆಂ.ಮೀ. ಜೊತೆಗೆ ಅಂಟಿಸಲು ಒಂದೊಂದು ಸೆಂ.ಮೀ. ಅಂಚು. ಮೂವತ್ತು ಚಿಲ್ಲರೆ ಹಾಳೆ ಹಿಡಿಯಿತು. ಹೋಲ್‌ಸೇಲ್ ಅಂಗಡಿಯಲ್ಲಿ ಹಾಳೆಗೆ ನಾಲ್ಕು ರೂಪಾಯಿ. ಬಾಯಿಗೆ ತೆಳು ತಂತಿಯ ಬಳೆ ಹಾಕಿದೆ. ಬುಡದಲ್ಲಿ ಅಷ್ಟು ಭಾರ ಇಲ್ಲದಿದ್ದರೆ ಬಲೂನು ವಾಲಿಕೊಂಡು ಬಿಸಿಗಾಳಿ ಚೆಲ್ಲಿಬಿಡುತ್ತದೆ. ಹನ್ನೆರಡು ತುದಿ ಸೇರುವ ನೆತ್ತಿಯನ್ನು ಸೋರದ ಹಾಗೆ ಹೇಗೆ ಮುಚ್ಚಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಮೂರು ಬಲೂನು ಹಾಳು ಮಾಡಿಕೊಂಡು ಕಲಿತಿದ್ದು, ಜಿಲ್ಲಾ ವಿಜ್ಞಾನ ಮೇಳ ಮುಗಿಯಲಿ. ಎಲ್ಲಾ ಸೇರಿ ತೂಕ 112 ಗ್ರಾಂ ಬಂತು.

ಬಿಸಿಗೆ ಗ್ಯಾಸ್ ಒಲೆ. ಅದರ ಮೇಲೆ ಎರಡು ಖಾಲಿ ಎಣ್ಣೆ ಡಬ್ಬ, ತಳ ಕತ್ತರಿಸಿ ಒಂದರ ಮೇಲೊಂದು ಇಟ್ಟು ಚಿಮಣಿ ಮಾಡಿದೆ. ಬೆಂಕಿ ಯಾವತ್ತೂ ನೆಲದಲ್ಲೇ ಇರಬೇಕು. ಬಲೂನಿನ ಜೊತೆ ಉರಿ ಕಟ್ಟಿ ಬಿಡುವುದನ್ನು ನಾನು ಒಪ್ಪಲ್ಲ. ಎಲ್ಲೋ ಹುಲ್ಲಿನ ಬಣವೆ ಮೇಲೆ ಬಿದ್ದರೆ ಮುಗೀತು. ಪಕ್ಕದಲ್ಲಿ ಎರಡು ಬಕೆಟ್ ನೀರು, ಮಕ್ಕಳು ಹತ್ತಡಿ ದೂರ.

ಮಾರ್ಚ್ ತಿಂಗಳು, ಮಧ್ಯಾಹ್ನ ಹನ್ನೆರಡೂವರೆ. ಇಡೀ ಶಾಲೆ ಮೈದಾನದಲ್ಲಿ ಸೇರಿತ್ತು. ಬಲೂನು ಚೆನ್ನಾಗಿ ಉಬ್ಬಿತು. ಕೋಲಿನಿಂದ ಬಿಟ್ಟ ತಕ್ಷಣ ಮೆಲ್ಲಗೆ ಕೂತುಬಿಟ್ಟಿತು. ಇನ್ನೂ ಬಿಸಿ ಮಾಡೋಣ ಅಂದರೆ, ಆಗ ನಾನು ಎಸಳುಗಳನ್ನು ಸೆಲ್ಲೋ ಟೇಪಿನಲ್ಲಿ ಜೋಡಿಸಿದ್ದೆ. ಎಪ್ಪತ್ತು ಡಿಗ್ರಿ ದಾಟಿದರೆ ಟೇಪು ಬಿಡುತ್ತಿತ್ತು.

ನಮ್ಮ ಪಿ.ಟಿ. ಮೇಷ್ಟ್ರು, "ಹೊಗೆ ಸಾಲದು ಸಾರ್, ಹಸಿ ಹುಲ್ಲು ಹಾಕಿ. ಮೇಲಕ್ಕೆ ಹೋಗೋದು ಹೊಗೆ ತಾನೆ?" ಅಂದರು. 1783ರಲ್ಲಿ ಫ್ರಾನ್ಸಿನ ಮಾಂಗಾಲ್ಫಿಯೆ ಸಹೋದರರು ಮೊದಲ ಬಲೂನು ಹಾರಿಸಿದಾಗ ಅವರೂ ಹಾಗೇ ಅಂದುಕೊಂಡಿದ್ದರು. ಹುಲ್ಲು, ಉಣ್ಣೆ ಸುಟ್ಟು ದಟ್ಟ ಹೊಗೆ ತುಂಬಿಸುತ್ತಿದ್ದರು. ಪಿ.ಟಿ. ಮೇಷ್ಟ್ರ ಮಾತನ್ನೂ ಪರೀಕ್ಷೆ ಮಾಡಿದೆವು. ಬಲೂನಿನ ಒಳಗೆಲ್ಲ ಮಸಿ ಹಿಡಿಯಿತು, ಕಾಗದ ತೇವವಾಯಿತು, ತೂಕ ಎಂಟು ಹತ್ತು ಗ್ರಾಂ ಏರಿತು. ಏಳಲಿಲ್ಲ. ಇನ್ನೊಂದು ಸಲ ನಾನೇ ಕುಕ್ಕರಿನ ಹಬೆ ಬಿಟ್ಟು ನೋಡಿದೆ, ನೀರಾವಿ ಗಾಳಿಗಿಂತ ಹಗುರ ಅಲ್ವಾ ಅಂತ. ಹಗುರ ನಿಜ. ಆದರೆ ತಣ್ಣಗಿನ ಕಾಗದಕ್ಕೆ ತಾಗಿದ್ದೇ ನೀರಾಗಿ ಇಳಿಯಿತು. ಮೂರು ಎಸಳು ಹರಿದವು.

ಆಮೇಲೆ ಡಿಸೆಂಬರ್‌ನಲ್ಲಿ ಅದೇ ಟೇಪಿನ ಬಲೂನನ್ನೇ ರಿಪೇರಿ ಮಾಡಿ ಬೆಳಗ್ಗೆ ಆರೂಮುಕ್ಕಾಲಿಗೆ ತಂದೆ. ನಮ್ಮ ಹಾಸನದ ಚಳಿ ಗೊತ್ತಲ್ಲ, ಹೊರಗೆ 16 ಡಿಗ್ರಿ. ಒಳಗೆ ಅದೇ 70. ಒಲೆ ಹಚ್ಚಿ ಮೂರ್ನಾಲ್ಕು ನಿಮಿಷ ಆಗಿರಬೇಕು. ಕೋಲಿನ ತುದಿಯ ಕುಣಿಕೆ ಸಡಿಲವಾಗುವುದು ಕಂಡಿತು. ಬಾಯಿಯ ಬಳೆ ಹಿಡಿದಿದ್ದ ಹುಡುಗಿ, "ಸಾರ್, ಎಳೀತಾ ಇದೆ!" ಅಂತ ಕೂಗಿದಳು. ಬಿಡು ಅಂದೆ. ನೆಟ್ಟಗೆ ಎದ್ದು ತೆಂಗಿನ ಗರಿಯ ಎತ್ತರಕ್ಕೆ ಹೋಯಿತು. ದಾರ ಇಲ್ಲದಿದ್ದರೆ ಇನ್ನೂ ಹೋಗುತ್ತಿತ್ತು.

ವ್ಯತ್ಯಾಸ ಎಲ್ಲಿ ಆಯಿತು ಅನ್ನೋದೇ ನನಗೆ ಮುಖ್ಯ. ನಮ್ಮ ಎತ್ತರದಲ್ಲಿ 16 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 1,090 ಗ್ರಾಂ ತೂಗುತ್ತದೆ. 70 ಡಿಗ್ರಿಯದು 920. ನಾಲ್ಕಡಿ ಬಲೂನಿನಲ್ಲಿ ಇರುವುದು 0.9 ಘನ ಮೀಟರ್. ಅಂದರೆ ತಣ್ಣಗಿದ್ದಾಗ ಒಳಗೆ ಹತ್ತಿರ ಹತ್ತಿರ ಒಂದು ಕೆ.ಜಿ. ಗಾಳಿ ಇತ್ತು. ಬಿಸಿಯಾಗಿ ಹಿಗ್ಗಿದಾಗ ಅದರಲ್ಲಿ ಸುಮಾರು 155 ಗ್ರಾಂ ಬಾಯಿಯಿಂದ ಹೊರಗೆ ಚೆಲ್ಲಿತು. ಸುತ್ತಲಿನ ತಣ್ಣನೆ ಗಾಳಿ ಮಾತ್ರ ಬಲೂನನ್ನು ಮೊದಲಿನಷ್ಟೇ ಮೇಲಕ್ಕೆ ತಳ್ಳುತ್ತಿರುತ್ತದೆ, ಅದಕ್ಕೆ ಒಳಗೇನಿದೆ ಅನ್ನೋದರ ಪರಿವೆ ಇಲ್ಲ. ಚೆಲ್ಲಿಹೋದ 155 ಗ್ರಾಂ ಕಾಗದದ 112 ಗ್ರಾಂಗಿಂತ ಜಾಸ್ತಿ, ಹಾಗಾಗಿ ಎದ್ದಿತು. ಮಾರ್ಚ್ ಮಧ್ಯಾಹ್ನ ಹೊರಗಡೆಯೇ 33 ಡಿಗ್ರಿ ಇತ್ತು. ಆ ಗಾಳಿ ಘನ ಮೀಟರಿಗೆ 1,030 ಗ್ರಾಂ. ಒಳಗೆ ಅದೇ 70 ಇದ್ದರೂ ಚೆಲ್ಲಿದ್ದು ನೂರು ಗ್ರಾಂ ಅಷ್ಟೇ. ಹತ್ತು ಹನ್ನೆರಡು ಗ್ರಾಂಗೆ ಸೋತಿದ್ದೆವು. ದೊಡ್ಡ ಬಲೂನಿನವರೂ ಬೆಳಗಿನ ಜಾವ ಹೊರಡುವುದಕ್ಕೆ ಇದೊಂದು ಕಾರಣ, ಗಾಳಿ ಸ್ತಬ್ಧವಾಗಿರುತ್ತದೆ ಅನ್ನೋದು ಇನ್ನೊಂದು.

ಇದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಲು ಒಂದು ಉಪಾಯ ಮಾಡಿದೆ. ಬಾಗಿಲು ಕಿಟಕಿ ಮುಚ್ಚಿದ ಪ್ರಾರ್ಥನಾ ಹಾಲ್. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಅರ್ಧ ಕೆ.ಜಿ. ಕಲ್ಲು. ಕಲ್ಲಿಗೆ ದಾರ, ದಾರಕ್ಕೆ ಬಲೂನು. ಬಿಸಿ ಮಾಡಿ ಬಿಟ್ಟ ಮೇಲೆ ತಕ್ಕಡಿ 465 ತೋರಿಸಿತು. ಮೂವತ್ತೈದು ಗ್ರಾಂ ಬಲೂನು ಎತ್ತಿ ಹಿಡಿದಿದೆ ಅಂತ. ಆಮೇಲೆ ಅಂಕಿ ಏರುತ್ತಾ ಹೋಯಿತು: 470, 478, 490. ಒಳಗಿನ ಗಾಳಿ ತಣಿಯುತ್ತಿದ್ದಂತೆ ಹೊರಗಿನ ಗಾಳಿ ಬಾಯಿಂದ ವಾಪಸ್ ನುಗ್ಗುತ್ತಿದೆ. ಎರಡು ನಿಮಿಷದೊಳಗೆ 500, ದಾರ ಸಡಿಲ. ಆ ಅಂಕಿ ನೋಡುತ್ತಾ ಮಕ್ಕಳು ಉಸಿರು ಬಿಗಿಹಿಡಿದು ನಿಂತಿದ್ದರು. ಪಿ.ಟಿ. ಮೇಷ್ಟ್ರು ಇನ್ನೊಂದು ಸಲ ಮಾಡಿ ಅಂದರು.

ಖರ್ಚು ಎಲ್ಲಾ ಸೇರಿ ಹದಿನೈದು ನೂರರ ಆಸುಪಾಸು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತಕ್ಕಡಿಗೂ, ಉಷ್ಣತೆ ಅಳೆಯುವ ತಂತಿ ಇರುವ ಮಲ್ಟಿಮೀಟರಿಗೂ ಹೋಯಿತು. ಮಲ್ಟಿಮೀಟರ್ ವಿಷಯದಲ್ಲಿ ಜಿಪುಣತನ ಬೇಡ. ನೆತ್ತಿ ಹತ್ತಿರ ಒಂದು, ನಡುವೆ ಒಂದು ಕಡೆ ಅಳೆಯಿರಿ. ನೆತ್ತಿ ಯಾವಾಗಲೂ ಇಪ್ಪತ್ತು ಡಿಗ್ರಿ ಜಾಸ್ತಿ ತೋರಿಸುತ್ತದೆ, ಅದನ್ನೇ ನಂಬಿ ಲೆಕ್ಕ ಹಾಕಿದರೆ ಬಲೂನು ಏಳಲ್ಲ.

ಈಗ ಟೇಪು ಬಿಟ್ಟು ಮೈದಾ ಅಂಟಿಗೆ ಬಂದಿದ್ದೇನೆ, ತೊಂಬತ್ತು ಡಿಗ್ರಿವರೆಗೂ ತಡೆಯುತ್ತದೆ. ಆರಡಿಯದು ಅರ್ಧ ಮುಗಿದಿದೆ. ಕಾಗದ ಕಾಲು ಕೆ.ಜಿ. ಬರಬಹುದು, ಎತ್ತುವುದು ಅರ್ಧ ಕೆ.ಜಿ. ಮೇಲೆ. ಹಳೆಯ ಫೋನೊಂದನ್ನು ಕಟ್ಟಿ ಶಾಲೆಯ ಹೆಂಚಿನ ಫೋಟೋ ತೆಗೆಯಬೇಕು ಅಂತ ಹುಡುಗರು ಈಗಲೇ ದಾರ ಸುತ್ತಿಟ್ಟುಕೊಂಡಿದ್ದಾರೆ.