ಕೈ ತೊಳೆದು ತೊಳೆದು ಒಡೆದ ಚರ್ಮ: ಒಬ್ಬ ನರ್ಸ್ ಆಗಿ ನನ್ನ ಅನುಭವ

ನನ್ನ ಕೈಗಳ ಇಸುಬು ಶುರುವಾದದ್ದು ಬೆರಳ ಸಂದುಗಳಲ್ಲಿ. ಸಾಮಾನ್ಯ ವಾರ್ಡಿನಿಂದ ತೀವ್ರ ನಿಗಾ ಘಟಕಕ್ಕೆ ಬಂದು ಆಗ ಎರಡು ತಿಂಗಳಾಗಿತ್ತು. ಮೊದಲು ಅರಿವಿಗೆ ಬಂದದ್ದು ಗಾಯವಲ್ಲ, ಒಂದು ಬಗೆಯ ಬಿಗಿತ. ಕೈ ಒರೆಸಿಕೊಂಡ ಸ್ವಲ್ಪ ಹೊತ್ತಿನಲ್ಲೇ ಬೆರಳ ಹಿಂಬದಿಯ ಚರ್ಮ ಒಂದು ಅಳತೆ ಚಿಕ್ಕದಾದಂತೆ ಎಳೆಯುತ್ತಿತ್ತು. ಬೆಳಕಿಗೆ ಹಿಡಿದರೆ ನಯವಾಗಿ ಹೊಳೆಯುತ್ತಿತ್ತು. ಆಮೇಲೆ ಸಂದುಗಳಲ್ಲಿ ಹೊಟ್ಟಿನಂಥ ಬಿಳಿ ಸಿಪ್ಪೆ ಏಳತೊಡಗಿತು, ಗೆಣ್ಣುಗಳು ಒರಟಾದವು. ಇಂಥಲ್ಲಿ ಚರ್ಮ ಕೆಂಪಾಗುತ್ತದೆ ಎಂದು ನಾವು ಓದಿರುತ್ತೇವೆ. ಆದರೆ ನನ್ನಂಥ ಕಂದು ಮೈಬಣ್ಣದವರಲ್ಲಿ ಆ ಕೆಂಪು ನೇರಳೆ ಬೆರೆತ ಕಂದಾಗಿಯೋ ಬೂದಾಗಿಯೋ ಕಾಣುವುದರಿಂದ ಬಹಳ ದಿನ ಕಣ್ತಪ್ಪಿಸಿಕೊಳ್ಳುತ್ತದೆ. ಬಣ್ಣಕ್ಕಿಂತ ಸ್ಪರ್ಶವನ್ನು ನಂಬುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಮೂರನೆಯ ತಿಂಗಳಿಗೆ ಬಲಗೈ ಹೆಬ್ಬೆರಳ ತುದಿಯಲ್ಲಿ, ಉಗುರಿನ ಮೂಲೆಗೆ ಹತ್ತಿಕೊಂಡಂತೆ, ಬಿರುಕು ಬಿಟ್ಟಿತು. ಅದನ್ನು ನಾನು ದಿನವೂ ನೋಡುತ್ತಿದ್ದೆ. ಎರಡು ಅಂಚುಗಳು ದಪ್ಪವಾಗಿ, ಬಿಳಿಚಿಕೊಂಡು ಮೇಣದಂತಿದ್ದವು. ನಡುವೆ ಬ್ಲೇಡಿನಿಂದ ಗೀರಿದಂಥ ನೇರ ಗೆರೆ. ಮೇಲುಮೇಲಿನ ಬಿರುಕಾದರೆ ನೋವಿರುವುದಿಲ್ಲ, ಬಟ್ಟೆಯ ಎಳೆ ಸಿಕ್ಕಿಕೊಂಡಾಗ ಮಾತ್ರ ಅದು ಇದೆಯೆಂದು ತಿಳಿಯುತ್ತದೆ. ನನ್ನದು ಬೆರಳು ಮಡಿಸಿದಾಗ ಬಾಯಿ ತೆರೆದು ತಳದ ಹಸಿ ಕೆಂಪನ್ನು ತೋರಿಸುತ್ತಿತ್ತು, ಒಮ್ಮೊಮ್ಮೆ ರಕ್ತದ ಬೊಟ್ಟೂ ಮೂಡುತ್ತಿತ್ತು. ಚರ್ಮದ ಹೊರಪದರದಲ್ಲಿ ರಕ್ತನಾಳಗಳಿಲ್ಲವಾದ್ದರಿಂದ, ರಕ್ತ ಬಂತೆಂದರೆ ಬಿರುಕು ಒಳಪದರವನ್ನು ಮುಟ್ಟಿದೆಯೆಂದೇ ಲೆಕ್ಕ. ಒಣಗಿ ದಪ್ಪಗಾದ ಚರ್ಮ ಹಿಗ್ಗಲಾರದ ಕಾರಣ ಇಂಥ ಬಿರುಕುಗಳು ಬಹುಪಾಲು ಮಡಿಕೆಯ ಗೆರೆಗಳಲ್ಲಿ ಮತ್ತು ಬೆರಳ ತುದಿಗಳಲ್ಲಿ ಬೀಳುತ್ತವೆ. ಬೆರಳಚ್ಚಿನ ಗೆರೆಗಳು ಸವೆದು, ಹಾಜರಿ ಯಂತ್ರ ನನ್ನ ಬೆರಳನ್ನು ಗುರುತಿಸದೆ ಹೋದದ್ದೂ ಆ ವಾರವೇ.

ನಾನು ಮಾಡಿದ ದೊಡ್ಡ ತಪ್ಪು ಇದರ ನಂತರದ್ದು. ಒಡೆದ ಕೈಗೆ ಆಲ್ಕೋಹಾಲ್ ಹ್ಯಾಂಡ್ ರಬ್ ಹಾಕಿದರೆ ಕಣ್ಣಲ್ಲಿ ನೀರು ಬರುವಷ್ಟು ಉರಿಯುತ್ತಿತ್ತು. ಉರಿಸುವುದೇ ಚರ್ಮವನ್ನು ಕೆಡಿಸುತ್ತಿದೆ ಎಂದುಕೊಂಡು ಅದನ್ನು ಬಿಟ್ಟು ಪ್ರತಿ ಸಲವೂ ಸೋಪಿನಿಂದ ತೊಳೆಯತೊಡಗಿದೆ. ಎರಡೇ ವಾರದಲ್ಲಿ ಬಿರುಕುಗಳು ಒಂದರಿಂದ ಐದಾದವು.

ತೋರಿಸಿದ ಚರ್ಮವೈದ್ಯರು ಮೊದಲು ನನ್ನ ಪಾದಗಳನ್ನು ನೋಡಿದ್ದು ಆಗ ವಿಚಿತ್ರವೆನಿಸಿತು. ಕಾಲಿನ ಹುಳುಕಡ್ಡಿ ಒಂದು ಕೈಗೂ ಹರಡಿ ಇಸುಬಿನಂತೆಯೇ ಸಿಪ್ಪೆ ಏಳಿಸಬಲ್ಲದು, ಅದಕ್ಕೆ ಸ್ಟೀರಾಯ್ಡ್ ಹಚ್ಚಿದರೆ ಮೇಲೆ ಶಮನವಾದಂತೆ ಕಂಡು ಒಳಗೊಳಗೇ ಹಬ್ಬುತ್ತದೆ. ಮನೆಯಲ್ಲಿ ಬೇರೆ ಯಾರಿಗಾದರೂ ರಾತ್ರಿ ತುರಿಕೆ ಉಂಟೇ ಎಂದು ಕೇಳಿದ್ದು ಕಜ್ಜಿಯ ಅನುಮಾನಕ್ಕೆ. ಕೊನೆಗೆ ಕೇಳಿದರು: “ರಜೆಯಲ್ಲಿದ್ದಾಗ ಕೈ ಹೇಗಿರುತ್ತದೆ ಸಿಸ್ಟರ್?” ಅರ್ಧಕ್ಕರ್ಧ ಕಡಿಮೆಯಾಗುತ್ತದೆ ಎಂದೆ. “ಒಂದು ಡ್ಯೂಟಿಯಲ್ಲಿ ಎಷ್ಟು ಸಲ ಕೈ ತೊಳೆಯುತ್ತೀರಿ, ಎಣಿಸಿಕೊಂಡು ಬನ್ನಿ” ಎಂದರು. ಚೀಟಿಯಲ್ಲಿ ಗೀಟು ಹಾಕಿ ಎಣಿಸಿದಾಗ 34 ಆಯಿತು. ದಿನಕ್ಕೆ 20ಕ್ಕಿಂತ ಹೆಚ್ಚು ಸಲ ತೊಳೆಯುವುದು, ಇಲ್ಲವೇ ಎರಡು ಗಂಟೆಗಿಂತ ಹೆಚ್ಚು ಹೊತ್ತು ಕೈ ನೀರಿನಲ್ಲೋ ಗಾಳಿಯಾಡದ ಗ್ಲೌಸಿನಲ್ಲೋ ಇರುವುದು ಚರ್ಮಕ್ಕೆ ಅಪಾಯಕರವೆಂದು ಎಣಿಸಲಾಗುತ್ತದೆ. ಮನೆಯ ಪಾತ್ರೆ, ಬಟ್ಟೆ, ನೆಲ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುವ ಗೃಹಿಣಿಯರು ಎಣಿಸಿ ನೋಡಿದರೆ ಈ ಮಿತಿಯನ್ನು ಸುಲಭವಾಗಿ ದಾಟಿರುತ್ತಾರೆ. ಅವರಲ್ಲಿ ಇಸುಬು ಎಷ್ಟೋ ಸಲ ಉಂಗುರದ ಅಡಿಯಿಂದಲೇ ಶುರುವಾಗುವುದು ಅಲ್ಲಿ ಸೋಪು ಉಳಿದುಕೊಳ್ಳುವುದರಿಂದ.

ಚರ್ಮದ ಹೊರಪದರದಲ್ಲಿ ಜೀವಕೋಶಗಳ ನಡುವೆ ಕೊಬ್ಬಿನಂಶ ಗಾರೆಯಂತೆ ತುಂಬಿರುತ್ತದೆ. ಸೋಪು ಕೊಳೆಯೊಂದಿಗೆ ಅದನ್ನೂ ಕರಗಿಸಿ ನೀರಿನ ಜೊತೆ ಹೊರಗೆ ಸಾಗಿಸುತ್ತದೆ. ಮದ್ಯಸಾರವೂ ಕೊಬ್ಬನ್ನು ಸಡಿಲಿಸುತ್ತದೆಯಾದರೂ ತೊಳೆದು ಒಯ್ಯಲು ಅಲ್ಲಿ ನೀರಿಲ್ಲ, ಜೊತೆಗೆ ಒಳ್ಳೆಯ ಹ್ಯಾಂಡ್ ರಬ್‌ನಲ್ಲಿ ಗ್ಲಿಸರಿನ್ ಇರುತ್ತದೆ. ನನಗಾಗುತ್ತಿದ್ದ ಉರಿ ಹ್ಯಾಂಡ್ ರಬ್ ಮಾಡಿದ ಹಾನಿಯಲ್ಲ, ಸೋಪು ಆಗಲೇ ಮಾಡಿಟ್ಟ ಹಾನಿ ಅದರ ಮೂಲಕ ಗೊತ್ತಾಗುತ್ತಿತ್ತು, ಅಷ್ಟೇ.

ಆದ್ದರಿಂದ ಕ್ರಮ ಬದಲಿಸಿದೆ. ಕೈ ಕಣ್ಣಿಗೆ ಕಾಣುವಂತೆ ಕೊಳೆಯಾದಾಗ, ಶೌಚಾಲಯಕ್ಕೆ ಹೋಗಿ ಬಂದಾಗ ಮತ್ತು ಸಾಂಕ್ರಾಮಿಕ ಭೇದಿಯ ರೋಗಿಗಳನ್ನು ನೋಡಿಕೊಂಡಾಗ ಮಾತ್ರ ಸೋಪು. ಕೆಲವು ಭೇದಿ ರೋಗಾಣುಗಳ ಬೀಜಕಣಗಳು ಮದ್ಯಸಾರಕ್ಕೆ ಸಾಯುವುದಿಲ್ಲವಾದ್ದರಿಂದ ಅಲ್ಲಿ ರಾಜಿಯಿಲ್ಲ. ಉಳಿದೆಲ್ಲ ಸಂದರ್ಭಗಳಲ್ಲಿ ಹ್ಯಾಂಡ್ ರಬ್, ಅದೂ ಒಣ ಕೈಗೆ, 20ರಿಂದ 30 ಸೆಕೆಂಡು, ಪೂರ್ತಿ ಆರುವವರೆಗೆ. ಆರುವ ಮುನ್ನವೇ ಗ್ಲೌಸ್ ಏರಿಸುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ, ಆ ತೇವ ಒಳಗೇ ಸಿಕ್ಕಿಕೊಂಡು ಚರ್ಮವನ್ನು ನೆನೆಸಿಬಿಡುತ್ತದೆ. ಸೋಪು ಬಳಸಿದ ಬೆನ್ನಿಗೇ ಹ್ಯಾಂಡ್ ರಬ್ ಹಾಕುವುದನ್ನೂ ನಿಲ್ಲಿಸಿದೆ. ಗೀಟುಗಳು 34ರಿಂದ 9ಕ್ಕೆ ಇಳಿದವು. ಮೊದಲ ನಾಲ್ಕು ದಿನ ಉರಿಯನ್ನು ಹಲ್ಲು ಕಚ್ಚಿ ಸಹಿಸಿದ್ದು ನಿಜ. ಆಳವಾದ ಬಿರುಕಿನ ಮೇಲೆ ನೀರು ಹೋಗದ ಪಟ್ಟಿ ಹಾಕಿಕೊಂಡಿದ್ದೆ.

ವೈದ್ಯರು ಬರೆದ ಸ್ಟೀರಾಯ್ಡ್ ಮುಲಾಮನ್ನು ರಾತ್ರಿ ಒಂದು ಸಲ, ಎರಡು ವಾರ ಹಚ್ಚಿ, ಬಳಿಕ ವಾರಕ್ಕೆ ಎರಡು ರಾತ್ರಿಗೆ ಇಳಿಸಿದೆ. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದ ಒಂದು ಎಳೆ, ಅಂದರೆ ಸುಮಾರು ಅರ್ಧ ಗ್ರಾಂ, ಒಂದು ಕೈಯ ಎರಡೂ ಬದಿಗೆ ಸಾಕು. ಪೆಟ್ರೋಲಿಯಂ ಜೆಲ್ಲಿಗೆ ಮಾತ್ರ ಲೆಕ್ಕವಿರಲಿಲ್ಲ. ಮಲಗುವ ಮುನ್ನ ದಪ್ಪಗೆ ಬಳಿದು ತೆಳು ಹತ್ತಿಯ ಕೈಗವಸು ಹಾಕಿಕೊಳ್ಳುತ್ತಿದ್ದೆ. ಡ್ಯೂಟಿಯಲ್ಲಿ ಅದು ಜಾರುತ್ತದೆ, ಲ್ಯಾಟೆಕ್ಸ್ ಗ್ಲೌಸನ್ನೂ ಕೆಡಿಸುತ್ತದೆ. ಹಾಗಾಗಿ ಅಲ್ಲಿ ವಾಸನೆಯಿಲ್ಲದ ಕ್ರೀಮನ್ನು ಊಟದ ವಿರಾಮದಲ್ಲಿ ಮತ್ತು ಮನೆಗೆ ಹೊರಡುವಾಗ ಹಚ್ಚುತ್ತಿದ್ದೆ.

ನನಗೆ ಫಲಿಸಿದ್ದನ್ನೇ ನಮ್ಮ ವಾರ್ಡಿನ ಸ್ವಚ್ಛತೆಯ ಅಕ್ಕನಿಗೂ ಹೇಳಿಕೊಟ್ಟೆ, ನೀರಿನ ಕೆಲಸಕ್ಕೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ ಎಂದೂ ಸೇರಿಸಿದೆ. ಆರು ವಾರ ಕಳೆದರೂ ಅವರಿಗೆ ಗುಣವಾಗಲಿಲ್ಲ. “ಸಿಸ್ಟರ್, ನೀವು ಹೇಳಿದ ಹಾಗೆ ಗ್ಲೌಸ್ ಬಿಚ್ಚುವುದೇ ಇಲ್ಲ, ಮನೆಯಲ್ಲೂ ಹಾಕುತ್ತೇನೆ” ಎಂದು ಅವರು ಕೈ ಮುಂದೆ ಚಾಚಿದಾಗ ಸರಿಯಾಗಿ ನೋಡಿದೆ. ಅವರ ಬೆರಳ ಸಂದುಗಳು ಅಷ್ಟೇನೂ ಕೆಟ್ಟಿರಲಿಲ್ಲ. ನೀರುಗುಳ್ಳೆಗಳೂ ತುರಿಕೆಯೂ ಅಂಗೈಯ ಹಿಂಬದಿಯಲ್ಲಿದ್ದವು, ಮಣಿಕಟ್ಟಿನ ಮೇಲೆ ಗ್ಲೌಸಿನ ಅಂಚು ಕೂರುವಲ್ಲಿ ಗೆರೆ ಕೊಯ್ದಂತೆ ನಿಂತಿದ್ದವು. ಬೆನ್ನಿನ ಮೇಲೆ ಪಟ್ಟಿಗಳನ್ನು 48 ಗಂಟೆ ಅಂಟಿಸಿಟ್ಟು ಮಾಡುವ ಪ್ಯಾಚ್ ಪರೀಕ್ಷೆಯಲ್ಲಿ, ರಬ್ಬರನ್ನು ಹದಗೊಳಿಸಲು ಬೆರೆಸುವ ಥಯುರಾಮ್ ಎಂಬ ರಾಸಾಯನಿಕಕ್ಕೆ ಅಲರ್ಜಿ ಇರುವುದು ತಿಳಿಯಿತು. ರಕ್ಷಣೆಗೆಂದು ನಾನು ಹಾಕಿಸಿದ ಗ್ಲೌಸೇ ರೋಗವನ್ನು ಸಾಕುತ್ತಿತ್ತು! ವಿನೈಲ್ ಗ್ಲೌಸ್, ಅದರೊಳಗೆ ಹತ್ತಿಯದ್ದೊಂದು, ಬೆವರಿಗೆ ಒದ್ದೆಯಾದ ಕೂಡಲೇ ಬದಲಿಸುವುದು ಎಂಬ ಏರ್ಪಾಡಿನಲ್ಲಿ ಅವರ ಕೈ ಸುಧಾರಿಸಿತು.

ನನ್ನ ಕೈ ಐದನೆಯ ವಾರಕ್ಕೆ ನೋಡಲು ಚೆನ್ನಾಗಿತ್ತು. ಮುಲಾಮು, ಜೆಲ್ಲಿ ಎರಡನ್ನೂ ಬಿಟ್ಟೆ, ಹತ್ತೇ ದಿನದಲ್ಲಿ ಸಂದುಗಳಲ್ಲಿ ಮತ್ತೆ ಸಿಪ್ಪೆ ಕಂಡಿತು. ಕಣ್ಣಿಗೆ ಗುಣವಾದಂತೆ ಕಂಡ ಮೇಲೂ ಚರ್ಮದ ತಡೆಗೋಡೆ ಮೊದಲಿನ ಬಲಕ್ಕೆ ಬರಲು ತಿಂಗಳುಗಳೇ ಹಿಡಿಯುತ್ತವೆ ಎಂದು ವೈದ್ಯರು ಹೇಳಿದ್ದನ್ನು ನಾನು ಪೂರ್ತಿ ನಂಬಿರಲಿಲ್ಲ. ಎರಡನೆಯ ಸಲ ಜೆಲ್ಲಿಯನ್ನು ಆರು ತಿಂಗಳು ಬಿಡದೆ ಹಚ್ಚಿದೆ. ಹೆಬ್ಬೆರಳ ಆ ಮೂಲೆ ಒಣ ಚಳಿಯ ದಿನಗಳಲ್ಲಿ ಈಗಲೂ ಒಮ್ಮೊಮ್ಮೆ ಬಿರಿಯುತ್ತದೆ. ಅಂಚು ಬಿಳಿಚಿದ ದಿನವೇ ರಾತ್ರಿಯ ಜೆಲ್ಲಿ, ಕೈಗವಸು ಶುರುವಾಗುತ್ತವೆ. ಹಳದಿ ಹಕ್ಕಳೆ, ಕೀವು ಅಥವಾ ಬಿಸಿಯಾದ ಊತ ಕಂಡರೆ ಮಾತ್ರ ಸೋಂಕೆಂದು ಬಗೆದು ಅಂದೇ ವೈದ್ಯರಿಗೆ ತೋರಿಸುತ್ತೇನೆ.