ಹತ್ತು ಕಿಲೋ ಕತ್ತಿಯ ಲೆಕ್ಕ

1799ರ ಶ್ರೀರಂಗಪಟ್ಟಣದ ಕೋಟೆ ಕಾಳಗವನ್ನು ಕತೆಯಲ್ಲಿ ತರುವಾಗ, ಪಾತ್ರದ ಹೆಸರಿಗಿಂತ ಮೊದಲು ಅವನ ಕತ್ತಿಯ ತೂಕ ಗೊತ್ತು ಮಾಡಿಕೊಳ್ಳುತ್ತೇನೆ. ‘ಹತ್ತು ಕಿಲೋ ಕತ್ತಿಯನ್ನು ಎರಡೂ ಕೈಯಲ್ಲಿ ಎತ್ತಿ ಬೀಸಿದ’ ಅನ್ನುವಂಥ ಸಾಲು ಕರಡಿನಲ್ಲಿದ್ದರೆ ಉಕ್ಕಿನ ಲೆಕ್ಕ ಹಾಕುತ್ತೇನೆ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗುತ್ತದೆ. ಅಲಗು 75 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ ಅಂದುಕೊಳ್ಳಿ. ಹತ್ತು ಕಿಲೋ ತೂಗಬೇಕಾದರೆ ಅದರ ದಪ್ಪವೂ 4 ಸೆಂ.ಮೀ.ಗಿಂತ ತುಸು ಹೆಚ್ಚೇ ಇರಬೇಕಾಗುತ್ತದೆ. ಅದು ಕತ್ತಿಯಲ್ಲ, ಹಾರೆ.

ಆ ಕಾಲದ ಸಿಪಾಯಿಯ ತಲವಾರು ಹಿಡಿಯೂ ಸೇರಿ ಸಾಮಾನ್ಯವಾಗಿ ಒಂದು ಕಿಲೋ ಆಸುಪಾಸು, ಅಂದರೆ ಒಂದು ಲೀಟರ್ ನೀರಿನ ಬಾಟಲಿಯಷ್ಟು. ಅಲಗು ಹಿಡಿಯ ಹತ್ತಿರ ದಪ್ಪ, ತುದಿಗೆ ಹೋಗುತ್ತಾ ತೆಳ್ಳಗೆ. ಗೋಡೆಗೆ ತೂಗುಹಾಕಲು ಮಾಡಿದ ಅಲಂಕಾರದ ಕತ್ತಿಯಲ್ಲಿ ಈ ಇಳಿತ ಇರುವುದೇ ಅಪರೂಪ. ಉದ್ದಕ್ಕೂ 6 ಮಿ.ಮೀ. ಪಟ್ಟಿಯಾದರೆ ಅಲಗೊಂದೇ 1.4 ಕಿಲೋ, ಅದೂ ಭಾರವೆಲ್ಲ ಮುಂದಕ್ಕೆ. ಅಂಥದ್ದನ್ನು ಕೈಯಲ್ಲಿ ಹಿಡಿದು ನೋಡಿದವರು ‘ಕತ್ತಿ ಅಂದರೆ ಭಾರ’ ಅಂತಲೇ ಬರೆಯುತ್ತಾರೆ.

ತೂಕಕ್ಕಿಂತ ಭಾರ ಎಲ್ಲಿ ಕೂತಿದೆ ಅನ್ನೋದು ಮುಖ್ಯ. ಮಂಡ್ಯದ ಕಡೆ ಕಬ್ಬು ಕಡಿಯುವ ಮಚ್ಚಿನ ಭಾರ ಮುಂದಿದ್ದರೂ ನಡೆಯುತ್ತದೆ, ಯಾಕೆಂದರೆ ಕಬ್ಬು ತಿರುಗಿ ಹೊಡೆಯೋದಿಲ್ಲ. ಕತ್ತಿಯನ್ನು ಬೀಸಿದಷ್ಟೇ ಬೇಗ ತಡೆದು, ಹಿಂದಕ್ಕೆ ತರಬೇಕು. ಹಾಗಾಗಿ ಸಮತೂಕದ ಬಿಂದು ಹಿಡಿಯಿಂದ ಒಂದು ಗೇಣಿನೊಳಗೇ ಇರುವಂತೆ ಮಾಡುತ್ತಿದ್ದರು. ಇದನ್ನು ಮನೆಯಲ್ಲೇ ನೋಡಬಹುದು: ಅರ್ಧ ಲೀಟರ್ ಬಾಟಲಿಯನ್ನು ಮೂರಡಿ ಕೋಲಿನ ತುದಿಗೆ ಕಟ್ಟಿ ಬೀಸಿ, ಆಮೇಲೆ ಅದನ್ನೇ ಮುಷ್ಟಿಯಿಂದ ನಾಲ್ಕು ಬೆರಳಾಚೆ ಕಟ್ಟಿ ಬೀಸಿ. ತೂಕ ಅಷ್ಟೇ, ಆದರೆ ಮೊದಲನೆಯದನ್ನು ನಡುದಾರಿಯಲ್ಲಿ ನಿಲ್ಲಿಸಲು ಮಣಿಕಟ್ಟು ಒಪ್ಪೋದಿಲ್ಲ.

ಬಹಳ ಜನ ಬಿಟ್ಟುಬಿಡುವುದು ತಲವಾರಿನ ಹಿಡಿಯ ಕೊನೆಯಲ್ಲಿರುವ ಲೋಹದ ತಟ್ಟೆಯನ್ನು. ಮುಷ್ಟಿ ಅದಕ್ಕೂ ಅಡ್ಡಪಟ್ಟಿಗೂ ನಡುವೆ ಬಿಗಿಯಾಗಿ ಕೂರುತ್ತದೆ. ಮಣಿಕಟ್ಟನ್ನು ಹೆಚ್ಚು ಮಡಚಿದರೆ ತಟ್ಟೆ ಅಲ್ಲಿಗೇ ಒತ್ತುತ್ತದೆ. ಅದಕ್ಕೇ ಏಟು ಭುಜ, ಮೊಣಕೈಗಳಿಂದ ಬರುತ್ತದೆ, ಬಾಗಿದ ಅಲಗು ತಾಗಿದ ಮೇಲೆ ಕೈಯನ್ನು ಹಿಂದಕ್ಕೆ ಎಳೆಯುತ್ತಾರೆ. ಸೌದೆ ಸೀಳಿದ ಹಾಗಲ್ಲ, ಈಳಿಗೆಮಣೆಯ ಮೇಲೆ ತರಕಾರಿ ಜಾರಿಸಿ ಹೆಚ್ಚಿದ ಹಾಗೆ. ಇನ್ನೊಂದು ಕೈಯಲ್ಲಿ ಗುರಾಣಿ ಇರುವುದರಿಂದ ‘ಎರಡೂ ಕೈ’ ಅನ್ನೋ ಮಾತೇ ಬರೋದಿಲ್ಲ.

ಹಗುರ ಅಂದಮಾತ್ರಕ್ಕೆ ದಣಿವಿಲ್ಲ ಅಂತಲ್ಲ. ಎರಡು ನಿಮಿಷ ಜೀವಭಯದಲ್ಲಿ ಹೋರಾಡಿದವನಿಗೆ ಮೊದಲು ಏರುವುದು ಉಸಿರು, ಆಮೇಲೆ ಸೋಲುವುದು ಗುರಾಣಿ ಎತ್ತಿ ಹಿಡಿದ ತೋಳು. ಮೇಲಿನ ಸಾಲನ್ನು ಹೀಗೆ ತಿದ್ದುತ್ತೇನೆ: ‘ಎಡತೋಳು ಇಳಿಯಿತು. ಗುರಾಣಿಯ ಅಂಚಿನ ಮೇಲಿಂದ ಬಂದ ಏಟನ್ನು ಅಲಗಿನಿಂದ ಸರಿಸಿ, ಅದೇ ಬೀಸಿನಲ್ಲಿ ಎದುರಾಳಿಯ ಮುಂಗೈ ಮೇಲೆ ಕತ್ತಿ ಎಳೆದ.’