ಹದಿನಾರು ನಿಮಿಷದಲ್ಲಿ ಸಿಕ್ಕಿದ ಮಗು: ಮಾಲ್ ಸೆಕ್ಯುರಿಟಿ ಸೂಪರ್‌ವೈಸರ್‌ನ ವರದಿ

ಮಗು ಕಳೆದಾಗ ಮೊದಲು ಅನೌನ್ಸ್‌ಮೆಂಟ್ ಬೇಡ, ಮೊದಲು ಗೇಟು, ಆಮೇಲೆ ಗಡಿಯಾರ ಎಂದು ನಾನು ಹೇಳಿದಾಗ ನಮ್ಮ ಮಾಲಿನ ಆಪರೇಷನ್ಸ್‌ನವರು ಒಪ್ಪಲಿಲ್ಲ. ಅಂಗಡಿಯವರಂತೂ ‘ಗೇಟಲ್ಲಿ ಕಸ್ಟಮರ್‌ಗಳನ್ನ ನಿಲ್ಲಿಸಿದ್ರೆ ಭಾನುವಾರದ ವ್ಯಾಪಾರ ಕೆಡುತ್ತೆ’ ಎಂದು ದೂರು ಕೊಟ್ಟರು. ಈಗ ಅದೇ ಕ್ರಮ ಬರವಣಿಗೆಯಲ್ಲಿ ಬಂದು ಕಂಟ್ರೋಲ್ ರೂಮಿನ ಗೋಡೆ ಮೇಲಿದೆ. ಹಾಗಾಗಲು ಕಾರಣವಾದ ಒಂದು ಸಂಜೆಯ ವರದಿ ಇದು. ಬೆಂಗಳೂರಿನ ನಾಲ್ಕು ಮಹಡಿ, ಎರಡು ಬೇಸ್‌ಮೆಂಟಿನ ಮಾಲ್. ಭಾನುವಾರ, ಜನ ಜಾಸ್ತಿ. ನಾಲ್ಕು ವರ್ಷದ ಗಂಡು ಮಗು, ಜೊತೆಗೆ ಅಪ್ಪ, ಅಮ್ಮ, ಅಜ್ಜಿ.

6:42ಕ್ಕೆ ಎರಡನೇ ಮಹಡಿಯ ಬಟ್ಟೆ ಅಂಗಡಿ ಮುಂದಿನ ಗಾರ್ಡ್ ವಾಕಿಟಾಕಿಯಲ್ಲಿ, ಮಗು ಕಳೆದಿದೆ ಎಂದು ತಿಳಿಸುವ ನಮ್ಮ ಗುಪ್ತಪದ ಹೇಳಿದ. ಆ ಪದ ಇಲ್ಲಿ ಬರೆಯುವುದಿಲ್ಲ. ಕೇಳಿಸಿಕೊಂಡ ಗಿರಾಕಿಗೆ ಏನೂ ಅರ್ಥವಾಗಬಾರದು, ಗಾರ್ಡಿಗೆ ಎರಡನೇ ಸಲ ಕೇಳುವ ಅಗತ್ಯ ಇರಬಾರದು, ಅಂಥದ್ದೊಂದನ್ನು ನೀವೇ ಇಟ್ಟುಕೊಳ್ಳಿ.

ಆ ಪದ ಬಂದ ತಕ್ಷಣ ಗೇಟುಗಳಲ್ಲಿ ಆಗಬೇಕಾದ್ದು ಬಾಗಿಲು ಮುಚ್ಚುವುದಲ್ಲ. ಬೆಂಕಿಯ ನಿಯಮಕ್ಕೂ ಅದು ವಿರುದ್ಧ, ಗುಂಪು ಸೇರಿದರೆ ನೂಕುನುಗ್ಗಲು ಬೇರೆ. ಹೊರಗೆ ಹೋಗುವ ಸಾಲು ಒಂದೇ ಆಗುವಂತೆ ಹಗ್ಗದ ಕಂಬ ಎಳೆದು, ಆ ವಯಸ್ಸಿನ ಮಗುವಿನ ಜೊತೆ ಇರುವವರನ್ನು ಮಾತ್ರ ಒಂದು ಕ್ಷಣ ನಿಲ್ಲಿಸಿ, ಮಗುವನ್ನೇ ಮಾತಾಡಿಸುವುದು: ‘ಏನ್ ಪುಟ್ಟ ನಿನ್ ಹೆಸರು? ಯಾರ್ ಜೊತೆ ಬಂದಿದೀಯ?’ ತಡೆದು ಇಟ್ಟುಕೊಳ್ಳುವ ಅಧಿಕಾರ ನಮಗಿಲ್ಲ. ಆದರೆ ಮಾತಾಡಿಸಲು ಯಾರ ಅಪ್ಪಣೆಯೂ ಬೇಡ. ಸಂಶಯ ಬಂದರೆ ಲೇಡಿ ಗಾರ್ಡ್ ಮಾತು ಮುಂದುವರಿಸುತ್ತಾಳೆ, ಇನ್ನೊಬ್ಬರು ನಮಗೆ ತಿಳಿಸುತ್ತಾರೆ. 6:44ಕ್ಕೆ ನಾಲ್ಕು ಗೇಟುಗಳೂ ಉತ್ತರ ಕೊಟ್ಟವು. ಎಲ್ಲರೂ ಮರೆಯುವುದು ಹಿಂದುಗಡೆಯ ಸರಕು ಇಳಿಸುವ ಗೇಟು. ಅಂಗಡಿಗಳ ಹಿಂದಿನ ಕಾರಿಡಾರ್ ನೇರ ಅಲ್ಲಿಗೇ ಹೋಗುತ್ತದೆ, ಅಲ್ಲಿ ವಾಕಿಟಾಕಿ ಹಿಡಿಯುವುದಿಲ್ಲ. ಅಲ್ಲಿಗೆ ಫೋನಿನಲ್ಲೇ ಹೇಳಬೇಕು, ಹೇಳುವವನ ಹೆಸರು ಮೊದಲೇ ನಿಗದಿಯಾಗಿರಬೇಕು.

ಅಷ್ಟೇ ಮುಖ್ಯವಾದದ್ದು ಬೇಸ್‌ಮೆಂಟ್. ಅಪಹರಣದ ಯೋಚನೆಯಲ್ಲಿ ಎಲ್ಲರೂ ಗೇಟಿನತ್ತ ಓಡುತ್ತಾರೆ, ಆದರೆ ಮಾಲಿನೊಳಗೆ ನಾಲ್ಕು ವರ್ಷದ ಮಗುವಿಗೆ ಹತ್ತಿರದ ಅಪಾಯ ರಿವರ್ಸ್ ಬರುವ ಕಾರು. ಆ ವಯಸ್ಸಿನ ಮಗು ಹೆಚ್ಚುಕಡಿಮೆ ಒಂದು ಮೀಟರ್ ಎತ್ತರ. ದೊಡ್ಡ ಕಾರಿನ ಹಿಂದೆ ನಿಂತರೆ ಡ್ರೈವರಿನ ಕನ್ನಡಿಯಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಮಗು ಮೂರನೇ ಮಹಡಿಯಲ್ಲಿ ಕಳೆದರೂ ರ‍್ಯಾಂಪಿನ ಬೂಮ್ ಬ್ಯಾರಿಯರ್ ಎರಡೂ ಕಡೆ ಕೆಳಗಿಳಿಸಿ, ಪಾರ್ಕಿಂಗ್ ಹುಡುಗರು ಸಾಲಿಗೊಬ್ಬರಂತೆ ನಿಂತು ಎಂಜಿನ್ ಆಫ್ ಮಾಡಿಸುತ್ತಾರೆ. ಹಾರ್ನ್ ಹೊಡೆತ ಮತ್ತು ಬೈಗುಳ ಖಂಡಿತ ಬರುತ್ತವೆ.

6:45ಕ್ಕೆ ಅಮ್ಮನ ಫೋನಿನಿಂದ ಫೋಟೊ. ಹುಟ್ಟುಹಬ್ಬದ ಫೋಟೊ ಬೇಡ, ಅವತ್ತೇ ಮಾಲಿನಲ್ಲಿ ತೆಗೆದದ್ದು ಇದ್ದೇ ಇರುತ್ತದೆ, ಅದನ್ನು ಕೇಳಿ. ಮನೆಯವರನ್ನು ಕತ್ತರಿಸಿ ಮಗುವನ್ನಷ್ಟೇ ಉಳಿಸಿ ಗಾರ್ಡ್‌ಗಳ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ, ಕೆಲಸ ಮುಗಿದ ಮೇಲೆ ಎಲ್ಲರ ಮುಂದೆ ಅಳಿಸುತ್ತೇವೆ. ಬಟ್ಟೆಗಿಂತ ಚಪ್ಪಲಿ, ಶೂ ಯಾವುದು ಎಂದು ನೋಡಿಕೊಳ್ಳಿ. ಎತ್ತಿಕೊಂಡು ಹೋಗುವವನು ಮೇಲೆ ಜಾಕೆಟ್ ಹೊದಿಸಬಹುದು, ಶೂ ಬದಲಾಯಿಸಲು ಅವನಿಗೆ ಸಮಯ ಇರುವುದಿಲ್ಲ. ಈ ಮಗುವಿನದು ನಡೆದಾಗ ಲೈಟ್ ಹೊತ್ತುವ ಕೆಂಪು ಶೂ. ಕ್ಯಾಮೆರಾದಲ್ಲಿ ಗುರುತು ಹಿಡಿದದ್ದೂ ಅದರಿಂದಲೇ.

‘ಎಷ್ಟು ಹೊತ್ತಾಯ್ತು?’ ಎಂದರೆ ಗಾಬರಿಯಾದವರು ‘ಐದು ನಿಮಿಷ’ ಎನ್ನುತ್ತಾರೆ. ಸುಳ್ಳು ಹೇಳುವುದಿಲ್ಲ, ತಾವೇ ಹುಡುಕಾಡಿದ ಹೊತ್ತು ಅವರ ಲೆಕ್ಕಕ್ಕೆ ಬರುವುದಿಲ್ಲ. ಆ ಐದು ನಿಮಿಷ ನಂಬಿ ಸಿಸಿಟಿವಿ ಹಿಂದಕ್ಕೆ ಓಡಿಸಿದರೆ ಮಗು ಕಾಣುವುದೇ ಇಲ್ಲ. ಹಳೆಯ ಕ್ರಮದಲ್ಲಿ ಮುಕ್ಕಾಲು ಗಂಟೆ ಹಾಳಾಗುತ್ತಿದ್ದುದು ಹೆಚ್ಚಾಗಿ ಇಲ್ಲೇ. ಅದರ ಬದಲು ಅಪ್ಪನ ಫೋನಿನಲ್ಲಿ ಯುಪಿಐ ಮೆಸೇಜ್ ತೆಗೆಸಿ. ಬಿಲ್ ಕಟ್ಟುವಾಗ ಮಗು ಪಕ್ಕದಲ್ಲಿತ್ತೇ ಎಂಬ ಪ್ರಶ್ನೆಗೆ ಅವರಿಗೆ ಸರಿಯಾದ ಉತ್ತರ ಗೊತ್ತಿರುತ್ತದೆ, ಆ ಮೆಸೇಜಿನ ಸಮಯವೂ ಖಚಿತ. ಇವರದು 6:24. ಐದಲ್ಲ, ಹದಿನೆಂಟು ನಿಮಿಷ ಆಗಿತ್ತು. ಬಿಲ್ ಚೀಟಿಯ ಸಮಯವನ್ನು ನಂಬಬೇಡಿ, ಅಂಗಡಿಯ ಕಂಪ್ಯೂಟರ್ ಗಡಿಯಾರವನ್ನು ಯಾರೂ ಸರಿ ಮಾಡಿರುವುದಿಲ್ಲ.

ಅಮ್ಮನನ್ನು ಅಂಗಡಿ ಮುಂದೆಯೇ ನಿಲ್ಲಿಸಿದೆವು, ಮಗು ತಾನಾಗಿ ವಾಪಸ್ ಬಂದರೆ ಅಲ್ಲೊಂದು ಪರಿಚಿತ ಮುಖ ಇರಬೇಕು. ಅಪ್ಪ ಕಂಟ್ರೋಲ್ ರೂಮಿನಲ್ಲಿ ಪರದೆಯ ಮುಂದೆ. ತಂದೆತಾಯಿ ಗಾರ್ಡ್‌ಗಳ ಜೊತೆ ಓಡಾಡಬಾರದು. ಅವರು ಅಳುತ್ತ ಓಡಿದರೆ ಜನ ಸೇರುತ್ತಾರೆ, ಆ ಕಾಲುಗಳ ಮಧ್ಯೆ ಮಗು ಕಾಣುವುದಿಲ್ಲ. ಅಂಗಡಿಯೊಳಗೆ ಬಟ್ಟೆ ತೂಗುಹಾಕುವ ಸ್ಟ್ಯಾಂಡ್‌ಗಳ ಅಡಿ, ಟ್ರಯಲ್ ರೂಮ್, ಸ್ಟಾಕ್ ರೂಮ್ ಹುಡುಕಲು ಅಂಗಡಿಯ ಇಬ್ಬರೇ ಸಾಕು.

6:47ರಿಂದ ನೋಡಿದ್ದು ಎಲ್ಲ ಕ್ಯಾಮೆರಾಗಳನ್ನಲ್ಲ. ನಮ್ಮಲ್ಲಿ ಇನ್ನೂರರ ಹತ್ತಿರ ಕ್ಯಾಮೆರಾ ಇವೆ, ನೋಡುತ್ತ ಕುಳಿತರೆ ಬೆಳಗಾಗುತ್ತದೆ. ಒಂದು ಮಹಡಿಯಿಂದ ಹೊರಹೋಗಲು ಎಷ್ಟು ದಾರಿಯಿದೆಯೋ ಅಷ್ಟು ಕ್ಯಾಮೆರಾ ಮಾತ್ರ: ಎರಡು ಎಸ್ಕಲೇಟರ್, ಎರಡು ಲಿಫ್ಟ್ ಲಾಬಿ, ಫೈರ್ ಮೆಟ್ಟಿಲ ಬಾಗಿಲು, ಸರ್ವಿಸ್ ಕಾರಿಡಾರ್. ಏಳೆಂಟು ಚಿತ್ರ ಒಂದೇ ಪರದೆಯಲ್ಲಿ, ನಾಲ್ಕು ಪಟ್ಟು ವೇಗ. ಎಂಟು ಪಟ್ಟಿಗೆ ಹೋದರೆ ದೊಡ್ಡವರ ಹಿಂದೆ ನಡೆಯುವ ಚಿಕ್ಕ ಮಗು ತಪ್ಪಿಹೋಗುತ್ತದೆ. ಇವುಗಳಲ್ಲಿ ಯಾವುದರಲ್ಲೂ ಮಗು ದಾಟಿಲ್ಲ ಎಂದಾದರೆ ಅದು ಅದೇ ಮಹಡಿಯಲ್ಲಿದೆ. ಉಳಿದ ಮಹಡಿಗಳ ಗಾರ್ಡ್‌ಗಳನ್ನೆಲ್ಲ ಅಲ್ಲಿಗೇ ಕರೆಸಬಹುದು. ದಾಟಿದ್ದರೆ ಯಾವ ಕಡೆ ಎಂಬುದು ತಿಳಿಯಿತು. ನನ್ನ ಕ್ರಮದ ಜೀವಾಳ ಇಷ್ಟೇ.

6:26ಕ್ಕೆ ಮಗು ಅಂಗಡಿಯಿಂದ ಹೊರಬಂದದ್ದು ಕಂಡಿತು, ನೀಲಿ ಜೀನ್ಸ್ ಹಾಕಿದ ಒಬ್ಬರ ಹಿಂದೆ. ಅಪ್ಪನದೂ ನೀಲಿ ಜೀನ್ಸ್. ಈ ವಯಸ್ಸಿನವರು ಮುಖ ನೋಡಿ ಹಿಂಬಾಲಿಸುವುದಿಲ್ಲ, ತಮ್ಮ ಕಣ್ಣೆತ್ತರಕ್ಕೆ ಕಾಣುವ ಪ್ಯಾಂಟ್ ನೋಡಿ ಹೋಗುತ್ತಾರೆ. 6:29ಕ್ಕೆ ಅದೇ ಗುಂಪಿನ ಜೊತೆ ಲಿಫ್ಟಿಗೆ ಹತ್ತಿತು. ಲಿಫ್ಟಿನೊಳಗಿನ ಕ್ಯಾಮೆರಾದಲ್ಲಿ ಬರೀ ತಲೆಗಳು, ಮಗು ಎಲ್ಲಿ ಇಳಿಯಿತು ಗೊತ್ತಾಗಲಿಲ್ಲ. ಪ್ರತಿ ಮಹಡಿಯ ಲಾಬಿ ನೋಡಬೇಕಾಯಿತು. ಮೊದಲ ಮಹಡಿಯಲ್ಲಿ ಇಲ್ಲ, ನೆಲಮಹಡಿಯಲ್ಲಿ ಇಲ್ಲ. ಬೇಸ್‌ಮೆಂಟ್ ಒಂದರಲ್ಲಿ 6:30ರ ದೃಶ್ಯದಲ್ಲಿ ಯಾರೂ ಇಲ್ಲ.

ಇಲ್ಲಿ ಹೊಸಬರು ಎಡವುತ್ತಾರೆ. ಬೇಸ್‌ಮೆಂಟಿನ ರೆಕಾರ್ಡರ್ ಬೇರೆ, ಅದರ ಗಡಿಯಾರ ಆರು ನಿಮಿಷ ಮುಂದೆ ಓಡುತ್ತಿತ್ತು. ಅದರಲ್ಲಿ 6:30 ಎಂದು ಕಾಣುವುದು ನಿಜದ 6:24. ಪ್ರತಿ ಸೋಮವಾರ ಎಲ್ಲ ರೆಕಾರ್ಡರ್‌ಗಳ ಸಮಯವನ್ನು ಮೊಬೈಲಿಗೆ ಹೋಲಿಸಿ, ವ್ಯತ್ಯಾಸವನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸುವ ರೂಢಿ ಮಾಡಿದ್ದೆ, ‘ಬಿ1 +6’ ಎಂದು. ಅದಕ್ಕೂ ನಗುತ್ತಿದ್ದರು. ಚೀಟಿ ನೋಡಿ 6:36ಕ್ಕೆ ಹೋದರೆ ಕೆಂಪು ಶೂ ಸಿಕ್ಕಿತು: ಲಿಫ್ಟಿನಿಂದ ಇಳಿದು, ಜೀನ್ಸಿನವರು ಕಾರಿನ ಕಡೆ ಹೋದಾಗ ಒಂದು ಕ್ಷಣ ನಿಂತು, ಎಡಕ್ಕೆ ನಡೆದು ಚಿತ್ರದಿಂದ ಮರೆಯಾಯಿತು.

ಈ ಗಡಿಯಾರ ಸರಿಯಾಗಲು ಮೇಂಟೆನೆನ್ಸ್‌ನವರು ಹೊಸ ರೆಕಾರ್ಡರ್ ಬೇಕು, ನಲವತ್ತು ಸಾವಿರದ ಆಸುಪಾಸು ಎಂದಿದ್ದರು. ಆಮೇಲೆ ನಮ್ಮ ಐಟಿ ಹುಡುಗ ನೋಡಿದರೆ ಆ ಪೆಟ್ಟಿಗೆ ಮುಖ್ಯ ನೆಟ್‌ವರ್ಕಿಗೇ ಸೇರಿರಲಿಲ್ಲ. ಕೇಬಲ್ ಎಳೆದು, ಒಂದು ಚಿಕ್ಕ ಸ್ವಿಚ್ ಹಾಕಿ, ಮೆನುವಿನಲ್ಲಿ ನೆಟ್‌ವರ್ಕಿನಿಂದ ಗಡಿಯಾರ ತಾನಾಗಿ ಸರಿಯಾಗುವ ಎನ್‌ಟಿಪಿ ಆನ್ ಮಾಡಿದ್ದಕ್ಕೆ ನಾಲ್ಕೈದು ಸಾವಿರ ಆಗಿರಬೇಕು. ಆದರೂ ಸೋಮವಾರದ ಚೀಟಿ ನಿಲ್ಲಿಸಿಲ್ಲ. ಕರೆಂಟ್ ಹೋಗಿ ಬಂದರೆ ಮತ್ತೆ ಹಳೆ ಕಥೆಯೇ.

6:52ಕ್ಕೆ ಹತ್ತು ನಿಮಿಷ ತುಂಬಿತು, 112ಕ್ಕೆ ಕರೆ ಮಾಡಿದೆವು. ಸುಳಿವು ಸಿಕ್ಕಿದೆ, ಇನ್ನೈದು ನಿಮಿಷ ನೋಡೋಣ ಎಂಬ ಮಾತು ಬಂತು, ಒಪ್ಪಲಿಲ್ಲ. ಸಿಕ್ಕ ಮೇಲೆ ‘ಸಿಕ್ಕಿತು’ ಎಂದು ಹೇಳಲು ಒಂದು ನಿಮಿಷ ಸಾಕು. ಅಮೆರಿಕದ ಅಂಗಡಿಗಳಲ್ಲಿ 1994ರಿಂದ ಇರುವ ‘ಕೋಡ್ ಆಡಮ್’ ಕ್ರಮದಲ್ಲೂ ಮಿತಿ ಹತ್ತು ನಿಮಿಷವೇ.

ಬೇಸ್‌ಮೆಂಟಿನಲ್ಲಿ ಆರು ಜನ ಇಳಿದರು. ಸಾಲು ಬಿಟ್ಟು ಸಾಲು ಅಲ್ಲ, ಪ್ರತಿ ಎರಡು ಕಾರಿನ ನಡುವೆ ನಡೆದು ಬಗ್ಗಿ ನೋಡುತ್ತ. ‘ಮಗೂ, ಮಗೂ’ ಎಂದು ಯೂನಿಫಾರ್ಮಿನವರು ಕೂಗಿದರೆ ಮಗು ಇನ್ನಷ್ಟು ಅಡಗುತ್ತದೆ, ಬೈಯಲು ಬಂದರು ಎಂದುಕೊಳ್ಳುತ್ತದೆ. ಅಜ್ಜಿಯಿಂದ ವಾಯ್ಸ್ ಮೆಸೇಜ್ ಮಾಡಿಸಿದೆವು. ಶಾಲೆಯ ಹೆಸರಲ್ಲ, ಮನೆಯಲ್ಲಿ ಕರೆಯುವ ಹೆಸರಿನಲ್ಲಿ: ‘ಚಿನ್ನೂ, ಅಜ್ಜಿ ಇಲ್ಲೇ ಇದೀನಿ ಕಣೋ, ಎಲ್ಲಿದೀಯ?’ ಗಾರ್ಡ್‌ಗಳು ಅದನ್ನೇ ಫೋನಿನಲ್ಲಿ ಜೋರಾಗಿ ಹಾಕುತ್ತ ನಡೆದರು, ಹಾಕಿದ ಮೇಲೆ ಹತ್ತು ಸೆಕೆಂಡ್ ಸುಮ್ಮನೆ ಕಿವಿಗೊಟ್ಟರು. ಎಡಗಡೆಯ ಫೈರ್ ಮೆಟ್ಟಿಲ ಬಾಗಿಲ ಹಿಂದಿನಿಂದ ಅಳು ಕೇಳಿಸಿತು. 6:58.

ಆ ಬಾಗಿಲನ್ನು ನಾಲ್ಕು ವರ್ಷದ ಮಗು ತಳ್ಳಿ ತೆರೆಯಲಾರದು. ಕ್ಲೀನಿಂಗ್‌ನವರು ಓಡಾಡಲು ಬಕೆಟ್ ಅಡ್ಡ ಇಟ್ಟಿದ್ದರು, ಮಗು ಒಳಗೆ ಹೋಯಿತು, ಯಾರೋ ಬಕೆಟ್ ತೆಗೆದರು, ಬಾಗಿಲು ತಾನಾಗಿ ಮುಚ್ಚಿತು. ಮೆಟ್ಟಿಲಲ್ಲಿ ಕ್ಯಾಮೆರಾ ಇಲ್ಲ. ಅನೌನ್ಸ್‌ಮೆಂಟಿನ ಸ್ಪೀಕರ್ ಕೂಡ ಅಲ್ಲಿಲ್ಲ, ಎಷ್ಟು ಕೂಗಿದ್ದರೂ ಮಗುವಿಗೆ ಕೇಳುತ್ತಿರಲಿಲ್ಲ. ಅಲ್ಲದೆ ಮೈಕಿನಲ್ಲಿ ‘ಕೆಂಪು ಶೂ, ಹಳದಿ ಟೀ ಶರ್ಟ್’ ಎಂದು ಸಾರಿದರೆ, ‘ನನ್ನ ಮಗು’ ಎಂದು ಬರುವ ಯಾರಿಗಾದರೂ ಉತ್ತರಪತ್ರಿಕೆ ಕೊಟ್ಟ ಹಾಗೆ.

ಆ ಸಂಜೆಯದಲ್ಲ, ನಾವು ಬೇರೆಯಾಗಿ ಮಾಡಿ ನೋಡಿದ ಇನ್ನೊಂದು ಪ್ರಯೋಗ: ವಾರಾಂತ್ಯದಲ್ಲಿ ಮಕ್ಕಳ ಕೈಗೆ ಅಪ್ಪ ಅಮ್ಮನ ನಂಬರ್ ಬರೆದ ಕಾಗದದ ಪಟ್ಟಿ. ಒಂದಕ್ಕೆ ಎರಡು ಮೂರು ರೂಪಾಯಿ ಬಿತ್ತು. ಗೇಟಲ್ಲಿ ಬರೆಯಲು ನಿಂತರೆ ಸಾಲು ಬೆಳೆಯಿತು, ಅಮ್ಮಂದಿರ ನಂಬರ್ ಬಯಲಾಗಿ ಕಾಣುತ್ತದೆ ಎಂದು ಕೆಲವರು ಬೇಡವೆಂದರು, ಐಸ್‌ಕ್ರೀಮಿನ ಕೈ ತೊಳೆದರೆ ಅಕ್ಷರ ಹೋಯಿತು. ನಂಬರನ್ನು ಒಳಬದಿಗೆ ಬರೆಯುವಂತೆ ಮಾಡಿ ಆಟದ ವಲಯಕ್ಕೆ ಮಾತ್ರ ಉಳಿಸಿಕೊಂಡಿದ್ದೇವೆ, ಅಲ್ಲಿ ಚೆನ್ನಾಗಿ ನಡೆಯುತ್ತಿದೆ.

ಮತ್ತೆ ಆ ಸಂಜೆಗೆ ಬರೋಣ. ಮಗು ಸಿಕ್ಕ ಜಾಗದಲ್ಲೇ ಒಪ್ಪಿಸಬಾರದು. ಲೇಡಿ ಗಾರ್ಡ್ ಮಗುವಿನ ಕೈಹಿಡಿದು, ಇನ್ನೊಬ್ಬರ ಜೊತೆ, ಕ್ಯಾಮೆರಾ ಇರುವ ಇನ್ಫರ್ಮೇಷನ್ ರೂಮಿಗೆ 7:03ಕ್ಕೆ ತಂದಳು. ನೀರು ಮಾತ್ರ ಕೊಟ್ಟೆವು, ಚಾಕಲೇಟ್ ಇಲ್ಲ, ಯಾವುದು ಆಗಿಬರುವುದಿಲ್ಲವೋ ಗೊತ್ತಿರುವುದಿಲ್ಲ. ಮಗುವಿಗೆ ‘ಇವರು ಅಮ್ಮನಾ?’ ಎಂದು ಕೇಳಬಾರದು, ಹೌದು ಎಂದುಬಿಡುತ್ತದೆ; ‘ಯಾರ್ ಬಂದ್ರು ನೋಡು’ ಎಂದು ಬಿಟ್ಟುಬಿಡಿ. ಜೊತೆಗೆ ದೊಡ್ಡವರಿಗೆ ಒಂದು ಪ್ರಶ್ನೆ ಕೇಳುತ್ತೇವೆ. ಅದು ನಮ್ಮಲ್ಲೇ ಇರಲಿ. ಫೋನಿನಲ್ಲಿ ಒಟ್ಟಿಗಿರುವ ಹಳೆಯ ಫೋಟೊ, ಗುರುತಿನ ಚೀಟಿ ನೋಡಿ, ರಿಜಿಸ್ಟರಿನಲ್ಲಿ ಸಹಿ. ಪೊಲೀಸರ ಹೊಯ್ಸಳ ಗಾಡಿ ಬಂದದ್ದು 7:05ರ ಹೊತ್ತಿಗೆ, ಅವರ ಎದುರಲ್ಲೇ 7:09ಕ್ಕೆ ಒಪ್ಪಿಸಿದೆವು. ಗೇಟುಗಳನ್ನು ಸಡಿಲಿಸಿದ್ದು ಅದಾದ ಮೇಲೆ.

ಇದು ಕಳೆದ ಮಗುವಿನ ಕಥೆಯಾಯಿತು. ಸಿಕ್ಕ ಮಗುವಿಗೆ ವಾರಸುದಾರರೇ ಬರದಿದ್ದರೆ ನಾವು ಇಟ್ಟುಕೊಂಡು ಕಾಯುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಪೊಲೀಸರಿಗೆ ಹೇಳಲೇಬೇಕು. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅದಕ್ಕೆ 24 ಗಂಟೆಯ ಗಡುವಿದೆ, ಹೇಳದಿರುವುದು ಅಪರಾಧ. ರೆಕಾರ್ಡಿಂಗ್ ಸುಮಾರು ಒಂದು ತಿಂಗಳಿಗೆ ತಾನಾಗಿ ಅಳಿಯುವುದರಿಂದ, ಆ ಸಂಜೆಯ ತುಣುಕುಗಳನ್ನು ಅವತ್ತೇ ರಾತ್ರಿ ಪೆನ್‌ಡ್ರೈವಿಗೆ ಇಳಿಸಿ, ಬಿ1ರ ತುಣುಕಿನ ಮೇಲೆ ‘ಆರು ನಿಮಿಷ ಮುಂದೆ’ ಎಂದು ಬರೆದು ಬೀರುವಿನಲ್ಲಿಟ್ಟೆ. ಮೆಟ್ಟಿಲ ಬಾಗಿಲಿಗೆ ತೆರೆದಿಟ್ಟರೆ ಕೂಗುವ ಅಲಾರಂ ಹಾಕಿಸಲು ಬಾಗಿಲೊಂದಕ್ಕೆ ಸಾವಿರದೈನೂರರ ಕೊಟೇಷನ್ ಬಂದಿದೆ. ಬಾಗಿಲು ಇಪ್ಪತ್ತರ ಮೇಲಿವೆ, ಬೇಸ್‌ಮೆಂಟಿನ ನಾಲ್ಕಕ್ಕೆ ಮಾತ್ರ ಸಹಿ ಆಗಿದೆ.